ಐದನೇ ಮುದ್ದೆ

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಮ್ಮನಿಗೆ,

ನಿನ್ನ ಕಥೆ ಎರಡು ಸಲ ಓದಿದೆ. ಮಂಡ್ಯದ ಗುತ್ತಲಿನ ಆ ಮನೆ, ತೀರಿಕೊಂಡ ಅತ್ತೆ, ಅಡುಗೆಮನೆಯಲ್ಲಿ ಒಬ್ಬಳೇ ನಿಲ್ಲುವ ಸೊಸೆ, ಎಲ್ಲ ಚೆನ್ನಾಗಿ ಬಂದಿದೆ. ಆಮೇಲೆ ನಲ್ಲಿಯಲ್ಲಿ ರಕ್ತ ಬಂತು. ಸಾರಿನಲ್ಲಿ ಬೆರಳು ತೇಲಿತು. ಅಲ್ಲಿಗೆ ನನ್ನ ಭಯ ಹೊರಟುಹೋಯಿತು. ರಕ್ತ ಕಂಡ ಮೇಲೆ ಓದುವವರಿಗೆ ಅನುಮಾನಪಡುವ ಕೆಲಸವೇ ಇರುವುದಿಲ್ಲ. ಇದು ದೆವ್ವದ ಕಥೆ ಅಂತ ಗೊತ್ತಾಗಿ ಕಾಲು ಚಾಚಿ ಕೂತುಬಿಡುತ್ತಾರೆ.

ಆದರೆ ಮೂರನೇ ಪುಟದಲ್ಲಿ ಒಂದು ಸಾಲಿದೆ. ‘ಅತ್ತೆ ಹೋದ ಮೇಲೂ ಅವಳು ಐದು ಮುದ್ದೆ ಕಟ್ಟಿದಳು.’ ಅದನ್ನು ಬರೆದು ನೀನು ಮುಂದೆ ಓಡಿದ್ದೀಯ. ನಾನು ಅಲ್ಲೇ ನಿಂತುಬಿಟ್ಟೆ.

ಮುದ್ದೆಯಲ್ಲಿ ಏನು ವಿಶೇಷ ಅಂದರೆ, ಅದಕ್ಕೆ ತಲೆಲೆಕ್ಕ ಇದೆ. ಅನ್ನ ಒಂದು ಹಿಡಿ ಜಾಸ್ತಿಯಾದರೆ ಯಾರಿಗೂ ತಿಳಿಯುವುದಿಲ್ಲ. ಮುದ್ದೆ ಒಂದು ಜಾಸ್ತಿಯಾದರೆ ಮನೆಗೆಲ್ಲ ಕಾಣುತ್ತದೆ. ನಮ್ಮ ಕಡೆ ಹೆಂಗಸರು ಎಸರಿಗೆ ನೀರು ಇಡುವಾಗಲೇ ಮನೆಯಲ್ಲಿ ಎಷ್ಟು ಜನ ಅಂತ ಎಣಿಸಿರುತ್ತಾರೆ. ಕೈಗೆ ಆ ಲೆಕ್ಕ ಬಾಯಿಪಾಠ. ಇಂಥ ವಸ್ತು ಸಿಕ್ಕಾಗ ಕನ್ನಡಿ, ಕಪ್ಪು ಬೆಕ್ಕು, ನಿಂತ ಗಡಿಯಾರ ಯಾವುದೂ ಬೇಡ. ನಿನ್ನ ಕಥೆಯಲ್ಲಿ ಆ ಮೂರೂ ಇವೆ. ತೆಗೆದುಹಾಕು.

ಮೊದಲು ಆ ಮನೆಯ ಕ್ರಮ ಓದುವವರಿಗೆ ಗೊತ್ತಾಗಬೇಕು. ಕ್ರಮ ಗೊತ್ತಿಲ್ಲದವರಿಗೆ ಅದು ತಪ್ಪಿದ್ದೂ ಗೊತ್ತಾಗುವುದಿಲ್ಲ. ಅತ್ತೆ ಬದುಕಿದ್ದಾಗಿನ ಒಂದು ರಾತ್ರಿ ತೋರಿಸು. ಮಾವ, ಅತ್ತೆ, ಗಂಡ, ಸೊಸೆ, ಮಗಳು. ಐದು ಮುದ್ದೆ, ಮಗಳದ್ದು ಚಿಕ್ಕದು. ಅತ್ತೆ ತನ್ನ ಮುದ್ದೆಯ ನೆತ್ತಿಗೆ ಹೆಬ್ಬೆರಳು ಒತ್ತಿ ಗುಳಿ ಮಾಡಿ ಅದಕ್ಕೆ ತುಪ್ಪ ಬಿಟ್ಟುಕೊಳ್ಳುತ್ತಾಳೆ. ಅಷ್ಟೇ. ಇದನ್ನು ಸುಮ್ನೆ ಬರೆದರೆ ಓದುವವರು ‘ಓಹೋ, ಇದನ್ನು ನೆನಪಿಟ್ಟುಕೊಳ್ಳಬೇಕು’ ಅಂದುಕೊಳ್ಳುತ್ತಾರೆ. ಹಾಗಾಗಿ ಆ ರಾತ್ರಿ ಬೇರೆ ಏನೋ ನಡೆಯುತ್ತಿರಲಿ. ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ ಅಂತ ಅಪ್ಪ ಮಗನಿಗೆ ಜಗಳವಾಗಲಿ. ಓದುವವರ ಕಣ್ಣು ಜಗಳದ ಮೇಲಿದ್ದಾಗ ಹೆಬ್ಬೆರಳು ಮುದ್ದೆಗೆ ಇಳಿಯಲಿ.

ತಿಥಿ ಮುಗಿದ ಮೇಲೆ ಮೊದಲ ದಿನ ಸೊಸೆ ಐದು ಕಟ್ಟುತ್ತಾಳೆ. ಇದಕ್ಕೆ ಕಾರಣ ಇದೆ, ಕೈಯ ಅಭ್ಯಾಸ. ಓದುವವರಿಗೆ ಪಾಪ ಅನ್ನಿಸುತ್ತದೆ, ಭಯವಲ್ಲ. ಅದು ಬೇಕು. ಉಳಿದದ್ದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿಯುತ್ತಾಳೆ. ಮಾರನೇ ದಿನ ಹಿಟ್ಟು ಅಳೆದು ಹಾಕುತ್ತಾಳೆ, ಸರಿಯಾಗಿ ನಾಲ್ಕೇ ಆಗುತ್ತವೆ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂರುತ್ತಾಳೆ. ತನ್ನ ಪಾಲಿನ ಮುದ್ದೆಯ ನೆತ್ತಿಯಲ್ಲಿ ಗುಳಿ.

ಇಲ್ಲಿ ನೀನು ಹೀಗೆ ಬರೆದಿರುತ್ತಿದ್ದೆ: ‘ಅವಳ ಬೆನ್ನುಹುರಿಯಲ್ಲಿ ಚಳಿ ಹರಿಯಿತು!’ ಬೇಡಪ್ಪ. ಹೀಗೆ ಬರೆ: ‘ಮಗಳು ಒತ್ತಿರಬೇಕು.’

ಕನ್ನಡ ನಮಗೆ ಕೊಟ್ಟಿರುವ ದೊಡ್ಡ ಅನುಕೂಲ ಇದು. ‘ಒತ್ತಿದಳು’ ಅಂದರೆ ಕಥೆಗಾರ ಕಣ್ಣಾರೆ ನೋಡಿದ್ದಾನೆ. ‘ಒತ್ತಿರಬೇಕು’ ಅಂದರೆ ಯಾರೂ ನೋಡಿಲ್ಲ, ಒಂದು ಕಾರಣ ಹುಡುಕಿಕೊಂಡು ಸಮಾಧಾನ ಮಾಡಿಕೊಂಡಿದ್ದಾರೆ. ಭಯ ಆ ‘ಇರಬೇಕು’ ಒಳಗೆ ಕೂತಿರುತ್ತದೆ. ಅವಳು ಹೆದರಿದಳು ಅಂತ ಹೇಳುವುದೇ ಬೇಡ. ಈ ‘ಇರಬೇಕು’ ರೂಪವನ್ನು ಇಡೀ ಕಥೆಯಲ್ಲಿ ಎರಡೋ ಮೂರೋ ಸಲ ಮಾತ್ರ ಬಳಸು. ಪ್ರತಿ ಪುಟದಲ್ಲೂ ಬಂದರೆ ಅದು ನಿನ್ನ ಚಾಳಿ ಅನ್ನಿಸುತ್ತದೆ.

ಇನ್ನು ಕಾರಣ ಸವೆಯುತ್ತಾ ಹೋಗಬೇಕು. ಹೇಗೆ ಅಂತ ಹೇಳುತ್ತೇನೆ. ನೀನು ಮುದ್ದೆ ತಿನ್ನುವವನು, ತಿರುವಿದವನಲ್ಲ, ಅಲ್ವಾ? ಬಿಸಿ ಮುದ್ದೆಗೆ ಬೆರಳು ಒತ್ತಿದರೆ ಗುಳಿಯ ಅಂಚು ನಯವಾಗಿರುತ್ತದೆ. ಆರಿದ ಮೇಲೆ ಮುದ್ದೆ ಬಿಗಿಯಾಗುತ್ತದೆ. ಆಗ ಒತ್ತಿದರೆ ಅಂಚು ಬಿರಿಯುತ್ತದೆ. ಮೂರನೇ ರಾತ್ರಿ ಮಗಳು ಟ್ಯೂಷನ್ ಮುಗಿಸಿ ತಡವಾಗಿ ಬರಲಿ. ಅಷ್ಟೊತ್ತಿಗೆ ಮುದ್ದೆ ಆರಿದೆ. ಗುಳಿಯ ಅಂಚು ಮಾತ್ರ ನಯವಾಗಿದೆ. ಅಂದರೆ ಮುದ್ದೆ ಕಟ್ಟಿದ ಹೊತ್ತಿನಲ್ಲೇ ಯಾರೋ ಒತ್ತಿದ್ದಾರೆ. ಆಗ ಅಡುಗೆಮನೆಯಲ್ಲಿ ಇದ್ದವಳು ಸೊಸೆ ಒಬ್ಬಳೇ. ಈ ಲೆಕ್ಕವನ್ನು ನೀನು ಬಿಡಿಸಬೇಡ. ‘ಅಂಚು ನಯವಾಗಿತ್ತು’ ಅಂತ ಬರೆದು ಸಾರಿನ ವಿಷಯಕ್ಕೆ ಹೋಗು. ಮುದ್ದೆ ಗೊತ್ತಿಲ್ಲದ ಓದುಗರೂ ಇರುತ್ತಾರೆ. ಅವರಿಗಾಗಿ ಮೊದಲ ರಾತ್ರಿಯ ಜಗಳದಲ್ಲೇ ಮಾವ ‘ಆರಿದ ಮುದ್ದೆ ಬಿರಿಯುತ್ತೆ, ಬೇಗ ಬಡಿಸಮ್ಮ’ ಅಂತ ಗೊಣಗಿರಲಿ.

ಆಮೇಲಿನ ಹೆಜ್ಜೆ ನನಗೆ ಎಲ್ಲಕ್ಕಿಂತ ಇಷ್ಟ. ಯಾರೂ ಕಿರುಚುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಹೊಂದಿಕೊಳ್ಳುತ್ತಾರೆ. ಗಂಡ ಟಿವಿ ನೋಡುತ್ತಲೇ ಐದನೇ ತಟ್ಟೆ ಹಾಕುತ್ತಾನೆ. ಮಾವ ಸ್ವಲ್ಪ ಪಕ್ಕಕ್ಕೆ ಸರಿದು ಕೂರುತ್ತಾನೆ. 1990ರ ದಶಕದಲ್ಲಿ ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ನೀನು ಹುಟ್ಟಿರಲಿಲ್ಲ ಬಿಡು. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಅದನ್ನು ಓದಿ ವಾಪಸ್ ಹೋಗುತ್ತದೆ ಅಂತ ಸುದ್ದಿ. ಆ ದೆವ್ವದ ಕಥೆ ನನ್ನನ್ನು ಅಷ್ಟು ಹೆದರಿಸಲಿಲ್ಲ. ಪಕ್ಕದ ಮನೆಯಾಕೆ ಬೆಳಿಗ್ಗೆ ರಂಗೋಲಿ ಹಾಕಿ, ಅದೇ ಕೈಯಲ್ಲಿ ಅಳಿಸಿಹೋದ ‘ನಾಳೆ ಬಾ’ ಮೇಲೆ ಸೀಮೆಸುಣ್ಣ ತಿದ್ದಿ, ಹಾಲಿನವನ ಹತ್ತಿರ ಚಿಲ್ಲರೆಗೆ ಜಗಳಕ್ಕೆ ಹೋದಳು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಒಂದು ಎಚ್ಚರಿಕೆ. ನೀನು ಕಥೆಯನ್ನು ಪಿತೃಪಕ್ಷದಲ್ಲಿ ಇಟ್ಟಿದ್ದೀಯ. ಆಗ ಹಿರಿಯರಿಗೆ ಎಡೆ ಇಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಐದನೇ ಮುದ್ದೆಗೆ ಎಡೆ ಅನ್ನುವ ಹೆಸರು ಸಿಕ್ಕಿಬಿಡುತ್ತದೆ, ಸಂಪ್ರದಾಯ ಅದನ್ನು ನುಂಗಿಹಾಕುತ್ತದೆ. ನಾನೂ ಹಿಂದೆ ಒಂದು ಕಥೆಯಲ್ಲಿ ಇದೇ ತಪ್ಪು ಮಾಡಿದ್ದೆ. ಓದಿದವರೆಲ್ಲ ‘ಪಾಪ, ಎಷ್ಟು ಭಕ್ತಿ’ ಅಂದರು. ಒಂದೋ ಕಾಲ ಬದಲಿಸು, ಇಲ್ಲ ಸಂಪ್ರದಾಯವನ್ನೇ ಸೋಲಿಸು: ಮಹಾಲಯ ಅಮಾವಾಸ್ಯೆಯ ದಿನ ಎಲ್ಲ ಕ್ರಮವಾಗಿ ಎಡೆ ಇಡುತ್ತಾರೆ. ಬೆಳಿಗ್ಗೆ ಎಡೆ ಮುಟ್ಟಿಲ್ಲ. ಒಳಗೆ ಮುಚ್ಚಿಟ್ಟ ಐದನೇ ಮುದ್ದೆ ಇಲ್ಲ.

ಬರೆದು ಮುಗಿದ ಮೇಲೆ ಯಾರಿಗಾದರೂ ಓದಲು ಕೊಡು. ಚೆನ್ನಾಗಿದೆಯಾ ಅಂತ ಕೇಳಬೇಡ. ಮೊದಲು ಅನುಮಾನ ಬಂದದ್ದು ಎಲ್ಲಿ ಅಂತ ಕೇಳು. ಜಗಳದ ರಾತ್ರಿಯಲ್ಲೇ ಅಂದರೆ ಹೆಬ್ಬೆರಳನ್ನು ಜಾಸ್ತಿ ತೋರಿಸಿದ್ದೀಯ. ಗಂಡ ತಟ್ಟೆ ಹಾಕುವವರೆಗೂ ಬರಲಿಲ್ಲ ಅಂದರೆ ಕಡಿಮೆಯಾಗಿದೆ. ನಯವಾದ ಅಂಚಿನ ಹತ್ತಿರ ಅಂದರೆ ಅಲ್ಲಿ ಇನ್ನು ಕೈ ಇಡಬೇಡ.

ಕೊನೆಗೆ ಅತ್ತೆ ಕಾಣಿಸಿಕೊಳ್ಳುವುದು ಬೇಡ. ಸೊಸೆ ಮುದ್ದೆ ಕಟ್ಟಿ, ಗುಳಿ ಬೀಳುವವರೆಗೆ ಕಾದು, ತುಪ್ಪ ಬಿಡಲಿ. ಅಲ್ಲಿಗೆ ಬಿಟ್ಟುಬಿಡು.

ತಿದ್ದುವ ಮುಂಚೆ ಒಂದು ರಾತ್ರಿ ನಿಮ್ಮಮ್ಮನ ಕೈಯಿಂದ ಕೋಲು ಇಸಕೊಂಡು ನೀನೇ ಮುದ್ದೆ ತಿರುವು. ಗಂಟಾದರೆ ಬೈಸಿಕೋ. ಎಷ್ಟು ಕಟ್ಟಬೇಕು ಅಂತ ಅಮ್ಮನನ್ನು ಕೇಳು, ಆಕೆ ಬೆರಳು ಮಡಚಿ ಎಣಿಸುತ್ತಾಳೋ ಸುಮ್ನೆ ಹೇಳುತ್ತಾಳೋ ನೋಡಿ ನನಗೆ ಬರೆ.

ನಿನ್ನ
ಅಕ್ಕ