ಬೇಡವೆಂದ ಏಜೆಂಟಿಗೆ ಬರೆಯುವ ಮರುಪತ್ರ

ಕಲಬುರಗಿ

ಪ್ರೀತಿಯ ದೋಸ್ತ,

ನೀನು ಕಳಿಸಿದ ಎರಡೂ ಇಮೇಲ್ ಓದಿದೆ. ಒಂದು, ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರಿಕೊಡುವ ಲಂಡನ್ನಿನ ಏಜೆಂಟ್ ನಿನ್ನ ಕಾದಂಬರಿ ಬೇಡವೆಂದು ಬರೆದದ್ದು, ಇನ್ನೊಂದು ಅವರಿಗೆ ಕಳಿಸಬೇಕೆಂದು ನೀನು ಬರೆದಿಟ್ಟ ಕರಡು. ಕರಡನ್ನು ಇನ್ನೂ ಕಳಿಸಬೇಡ. ಅವರಿಗೆ ಉತ್ತರ ಬರೆಯಬೇಕು ಅನ್ನುವುದು ಖರೇನೇ ಒಳ್ಳೆಯ ವಿಚಾರ, ಆದರೆ ಈಗಿರುವ ರೂಪದಲ್ಲಿ ಅದಕ್ಕೆ ಜವಾಬು ಬರುವುದು ಕಷ್ಟ. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ. ನಮ್ಮ ಭಾಗದಲ್ಲಿ ಇಂಗ್ಲಿಷಿನಲ್ಲಿ ಬರೆದು ಹೊರಗೆ ಕಳಿಸುವ ಬೇರೆಯವರಿಗೂ ಉಪಯೋಗವಾದೀತು ಎಂದು ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಉತ್ತರ ಬರೆಯುವ ಮೊದಲು ಬಂದ ನಿರಾಕರಣೆ ಯಾವ ಜಾತಿಯದು ಅಂತ ನೋಡಬೇಕು. ಕ್ವೆರಿ ಪತ್ರಕ್ಕೆ, ಅಂದರೆ ಒಂದು ಪುಟದ ಪರಿಚಯ ಮತ್ತು ಮೊದಲ ಮೂರು ಅಧ್ಯಾಯಗಳಿಗೆ, ಬರುವ ನಿರಾಕರಣೆ ಹೆಚ್ಚಾಗಿ ಅಚ್ಚು ಹಾಕಿದ ಮಾತು. ‘ನಿಮ್ಮ ಕೃತಿ ನಮ್ಮ ಪಟ್ಟಿಗೆ ಹೊಂದುವುದಿಲ್ಲ, ಬೇರೆಯವರ ಅಭಿಪ್ರಾಯ ಬೇರೆ ಇರಬಹುದು’ ಎಂದಷ್ಟೇ ಇರುತ್ತದೆ. ಕಾದಂಬರಿಯ ಹೆಸರು ಬಿಟ್ಟರೆ ನಿನ್ನ ಕಥೆಗೆ ಸಂಬಂಧಿಸಿದ ಒಂದು ಶಬ್ದವೂ ಇರುವುದಿಲ್ಲ. ಅದಕ್ಕೆ ಉತ್ತರ ಬರೆಯಬೇಕಾಗಿಲ್ಲ, ಬರೆಯದಿದ್ದರೆ ಯಾರೂ ಒರಟು ಅನ್ನುವುದಿಲ್ಲ. ಅಲ್ಲಿ ಫೀಡ್‌ಬ್ಯಾಕ್ ಕೇಳಿ ಪ್ರಯೋಜನವೂ ಇಲ್ಲ, ಯಾಕಂದರೆ ಓದಿದವರು ಮೂರೇ ಪುಟಕ್ಕೆ ನಿಲ್ಲಿಸಿರಬಹುದು, ಹೇಳಲಿಕ್ಕೆ ಅವರ ಬಳಿ ಏನೂ ಉಳಿದಿರುವುದಿಲ್ಲ.

ನಿನಗೆ ಬಂದದ್ದು ಹಾಗಲ್ಲ. ಅವರು ಪೂರ್ತಿ ಹಸ್ತಪ್ರತಿ ತರಿಸಿಕೊಂಡಿದ್ದಾರೆ. 88,000 ಶಬ್ದ ಅಂದರೆ ಪುಟಕ್ಕೆ 250 ಶಬ್ದದ ಲೆಕ್ಕದಲ್ಲಿ ಸುಮಾರು 350 ಪುಟ. ಅವರ ಇಮೇಲಿನಲ್ಲಿ ನಿನ್ನ ಕಥೆಯದೇ ಎರಡು ಮಾತು ಇವೆ: ಬಿದರಿ ಕಾರ್ಖಾನೆಯ ಚಿತ್ರ ಸೊಗಸಾಗಿದೆ, ಆದರೆ ನಡುಭಾಗದಲ್ಲಿ ವೇಗ ಕುಂದಿ ತಮ್ಮ ಹಿಡಿತ ತಪ್ಪಿತು. ಕೊನೆಗೆ ‘ಮುಂದಿನ ಬರಹ ನೋಡಲು ಇಷ್ಟಪಡುತ್ತೇನೆ’ ಎಂದೂ ಇದೆ. ಇಂಥ ನಿರಾಕರಣೆಗೆ ಮಾತ್ರ ವಂದನೆಯ ಜೊತೆ ಒಂದು ಪ್ರಶ್ನೆ ಕೇಳಬಹುದು. ಒಂದೇ ಒಂದು.

ಈ ‘ಒಂದೇ’ ಎಂಬುದರ ಹಿಂದಿನ ಕಾರಣ ಅವರ ದುಡಿಮೆಯ ರೀತಿಯಲ್ಲಿದೆ. ಏಜೆಂಟರಿಗೆ ಸಂಬಳ ಕೊಡುವವರು ಲೇಖಕರಲ್ಲ. ಪುಸ್ತಕ ಪ್ರಕಾಶಕರಿಗೆ ಮಾರಾಟವಾದ ಮೇಲೆ ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 15, ಪರದೇಶದ ಹಕ್ಕು ಮಾರಿದರೆ ಹೆಚ್ಚಾಗಿ 20, ಇದೇ ಅವರ ಪಾಲು. ಬೇಡವೆಂದ ಕೃತಿಯ ಮೇಲೆ ಕಳೆದ ಪ್ರತಿ ನಿಮಿಷವೂ ಈಗಾಗಲೇ ಒಪ್ಪಿಕೊಂಡ ಲೇಖಕರಿಂದ ಕಿತ್ತುಕೊಂಡ ನಿಮಿಷ. ಜೊತೆಗೆ, ಕಾರಣ ಹೇಳಿದರೆ ವಾದಕ್ಕೆ ನಿಲ್ಲುವ ಲೇಖಕರು ಭಾಳ ಮಂದಿ. ಹಾಗಾಗಿ ನಿನ್ನ ಮೇಲ್ ತೆರೆದ ಕ್ಷಣದಲ್ಲಿ ಅವರಿಗೆ ಎರಡು ವಿಷಯ ಗೊತ್ತಾಗಬೇಕು: ಇದು ಜಗಳಕ್ಕೆ ಬಂದದ್ದಲ್ಲ, ಮತ್ತು ಹಸ್ತಪ್ರತಿಯನ್ನು ಮತ್ತೆ ತೆರೆಯದೆ ನೆನಪಿನಿಂದಲೇ ಒಂದು ಸಾಲಿನಲ್ಲಿ ಉತ್ತರಿಸಬಹುದು.

ನಮ್ಮ ಕಡೆ ಈ ರೂಢಿಯೇ ಇಲ್ಲ. ಕನ್ನಡದಲ್ಲಿ ನಡುವೆ ಏಜೆಂಟ್ ಇರುವುದೇ ಅಪರೂಪ, ಹಸ್ತಪ್ರತಿ ನೇರ ಪ್ರಕಾಶಕರ ಕೈಗೆ ಹೋಗುತ್ತದೆ. ಪುಸ್ತಕ ಬಿಡುಗಡೆಯಲ್ಲಿ ಅವರೇ ಸಿಕ್ಕಾಗ ‘ಯಾಕ್ರೀ ಸರ, ನಂದ್ಯಾಕ ಬ್ಯಾಡಾತು?’ ಅಂತ ಚಹಾ ಕುಡೀತಾ ಕೇಳಬಹುದು, ಅವರೂ ಅರ್ಧ ತಾಸು ಮಾತಾಡುತ್ತಾರೆ. ಆ ಸಲಿಗೆಯನ್ನು ನೀನು ಇಮೇಲಿಗೆ ತಂದಿದ್ದೀಯ. ಮುಖ ನೋಡದವರ ಹತ್ತಿರ ಅದು ಒತ್ತಾಯದ ಹಾಗೆ ಕಾಣುತ್ತದೆ.

ಈಗ ನಿನ್ನ ಕರಡಿಗೆ ಬರುತ್ತೇನೆ. ಮೊದಲ ಪ್ಯಾರಾದಲ್ಲಿ ‘ತಮ್ಮ ಅಮೂಲ್ಯ ಸಮಯ’, ‘ವಿನಮ್ರ ವಿನಂತಿ’ ಎಂದೆಲ್ಲ ತಹಸೀಲ್ ಕಚೇರಿಯ ಅರ್ಜಿಯ ಧಾಟಿ ಇದೆ. ಅದನ್ನು ತೆಗೆದು, ಅವರು ಏನು ಮಾಡಿದರೋ ಅದಕ್ಕೇ ವಂದನೆ ಹೇಳು: ಪೂರ್ತಿ ಓದಿದ್ದಕ್ಕೆ, ನಡುಭಾಗದ ಬಗ್ಗೆ ಬಿಚ್ಚಿ ಹೇಳಿದ್ದಕ್ಕೆ. ಸಂಬೋಧನೆಗೆ ಅವರು ತಮ್ಮ ಇಮೇಲಿನ ಕೆಳಗೆ ಹೇಗೆ ಸಹಿ ಮಾಡಿದ್ದಾರೋ ಆ ಹೆಸರು ಸಾಕು.

ಎರಡನೇ ಪ್ಯಾರಾ ಪೂರ್ತಿ ಹೋಗಬೇಕು. ಬಿದರಿ ಕೆಲಸಕ್ಕೆ 2006ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಎಂಬ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಆದ್ದರಿಂದ ಆ ವಿವರಗಳು ಮಹತ್ವದವು, ನಮ್ಮಲ್ಲಿ ಓದಿದವರೆಲ್ಲ ಮೆಚ್ಚಿದ್ದಾರೆ ಎಂದು ಬರೆದಿದ್ದೀಯ. ಮಾತು ನಿಜವಿದ್ದರೂ ಅದು ವಾದ. ಅವರು ಹೇಳಿದ್ದು ವಿಷಯ ಸಣ್ಣದೆಂದಲ್ಲ, ಓದು ಎಲ್ಲೋ ನಿಂತಿತೆಂದು. ಓದು ನಿಂತವರಿಗೆ ವಿಷಯದ ಮಹತ್ವ ತಿಳಿಸಿದರೆ ಓದು ಮತ್ತೆ ಶುರುವಾಗುವುದಿಲ್ಲ, ಮೇಲ್ ಮುಚ್ಚಿಹೋಗುತ್ತದೆ.

ಮೂರನೆಯದರಲ್ಲಿ ಐದು ಪ್ರಶ್ನೆ ಇವೆ: ಭಾಷೆ ಹೇಗಿದೆ, ಪಾತ್ರಗಳು ಹೇಗಿವೆ, ಕೊನೆ ಇಷ್ಟವಾಯಿತೇ, ಬೇರೆ ಏಜೆಂಟರ ಹೆಸರು ಕೊಡುವಿರಾ, ತಿದ್ದಿ ಕಳಿಸಿದರೆ ಓದುವಿರಾ. ಮೊದಲ ಮೂರಕ್ಕೆ ಉತ್ತರ ಬರೆಯಬೇಕಾದರೆ ಅವರು ವಿಮರ್ಶೆಯನ್ನೇ ಬರೆಯಬೇಕು. ಬೇರೆಯವರ ಹೆಸರು ಕೇಳುವುದೆಂದರೆ ತಾವೇ ಒಪ್ಪದ ಕೃತಿಗೆ ತಮ್ಮ ಮಾತಿನ ಜಾಮೀನು ಕೊಡಿ ಎಂದಂತೆ. ಕೊನೆಯದಂತೂ ಸದ್ಯಕ್ಕೆ ಬೇಡವೇ ಬೇಡ. ತಿದ್ದಿದ ಪ್ರತಿ ಬೇಕಿದ್ದರೆ ಅವರೇ ‘ಇದನ್ನು ಹೀಗೆ ಸರಿಮಾಡಿದರೆ ಮತ್ತೆ ನೋಡುತ್ತೇನೆ’ ಎಂದು ಬರೆಯುತ್ತಾರೆ. ‘ಮುಂದಿನ ಬರಹ’ ಎಂದರೆ ಮುಂದಿನ ಪುಸ್ತಕ. ಎರಡನ್ನೂ ಒಂದೇ ಎಂದುಕೊಂಡು ಮೂರು ವಾರಕ್ಕೆ ಅದೇ ಕಾದಂಬರಿ ಮತ್ತೆ ಕಳಿಸಿದವರ ಮುಂದಿನ ಪುಸ್ತಕಕ್ಕೂ ಬಾಗಿಲು ಇಕ್ಕಟ್ಟಾಗುತ್ತದೆ.

ಹಾಗಾದರೆ ಕೇಳಬೇಕಾದ ಆ ಒಂದು ಪ್ರಶ್ನೆ ಯಾವುದು? ಅವರೇ ಹೇಳಿದ ಮಾತಿನೊಳಗಿಂದ ಅದನ್ನು ತೆಗೆಯಬೇಕು. ವೇಗ ಕುಂದಿತು ಅಂದಿದ್ದಾರೆ, ಎಲ್ಲಿಂದ ಅಂತ ಹೇಳಿಲ್ಲ. ನಿನ್ನ ನಡುಭಾಗದಲ್ಲಿ ಅನುಮಾನಕ್ಕೆ ಎರಡು ಜಾಗ ಇವೆ. ಒಂದು, 11ರಿಂದ 13ನೇ ಅಧ್ಯಾಯ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಚಾಣದಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂಡಿಸುವುದು, ಕೊನೆಗೆ ನವಸಾಗರ ಮತ್ತು ಬೀದರ ಕೋಟೆಯ ಮಣ್ಣಿನ ನೀರಿನಲ್ಲಿ ಕಪ್ಪೇರಿಸುವುದು, ಎಲ್ಲ ಕ್ರಮವಾಗಿ ಬರುತ್ತವೆ, ಆದರೆ ಮೂರೂ ಅಧ್ಯಾಯದಲ್ಲಿ ಕಥೆಯನ್ನು ಎಳೆದೊಯ್ಯುವ ಮನೆಯ ಸಾಲದ ಮಾತು ಎಲ್ಲೂ ಇಲ್ಲ. ಇನ್ನೊಂದು, 14ನೇ ಅಧ್ಯಾಯದಲ್ಲಿ ಹಿರಿಯ ಮಗಳು ಹೈದರಾಬಾದಿಗೆ ಹೋದಮೇಲೆ ಕಥೆ ಎರಡು ಊರಿಗೆ ಸೀಳಿಹೋಗುವುದು. ಈ ಎರಡಕ್ಕೆ ಮದ್ದು ಬೇರೆ ಬೇರೆ. ಮೊದಲನೆಯದಾದರೆ ಮೂರು ಅಧ್ಯಾಯ ಕತ್ತರಿಸಿ ಒಂದು ಮಾಡಿ, ಸಾಲ ಕೊಟ್ಟವನನ್ನು ಕಾರ್ಖಾನೆಯ ಒಳಗೇ ತರಬೇಕು. ಎರಡನೆಯದಾದರೆ ಕಥೆ ಯಾರ ಕಣ್ಣಿಂದ ಸಾಗಬೇಕು ಎಂಬುದನ್ನೇ ಮತ್ತೆ ತೀರ್ಮಾನಿಸಬೇಕು, ಅದು ತಿಂಗಳುಗಟ್ಟಲೆ ಕೆಲಸ. ಹೀಗೆ ಉತ್ತರದಿಂದ ನಿನ್ನ ಮುಂದಿನ ಕೆಲಸವೇ ಬದಲಾಗುವುದಾದರೆ ಮಾತ್ರ ಅದು ಕೇಳುವ ಯೋಗ್ಯ ಪ್ರಶ್ನೆ.

ಎರಡು ಜಾಗವನ್ನೂ ನೀನೇ ಹೆಸರಿಸಿ ಕೇಳು. ನಿನ್ನದಾದ ಮೇಲೆ ಅವರು ಎಷ್ಟೋ ಹಸ್ತಪ್ರತಿ ಓದಿರುತ್ತಾರೆ, ‘ನಡುಭಾಗದಲ್ಲಿ ಎಲ್ಲಿ?’ ಎಂದರೆ ನೆನಪಾಗುವುದಿಲ್ಲ. ‘ಮಗಳು ಹೈದರಾಬಾದಿಗೆ ಹೋಗುವ ಜಾಗ’ ಎಂದರೆ ತಟ್ಟನೆ ನೆನಪಾಗುತ್ತದೆ. ಅಧ್ಯಾಯದ ಸಂಖ್ಯೆ ಅವರಿಗೆ ಬೇಡ, ಘಟನೆ ಸಾಕು.

ಇಂಗ್ಲಿಷಿನಲ್ಲಿ ನೀನೇ ನಿನ್ನ ಮಾತಿನಲ್ಲಿ ಬರೆ. ತೂಕ ಗೊತ್ತಾಗಲೆಂದು ನಾನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ:

‘ನಮಸ್ಕಾರ. ಕಾದಂಬರಿಯನ್ನು ಪೂರ್ತಿ ಓದಿದ್ದಕ್ಕೆ, ನಡುಭಾಗದ ಬಗ್ಗೆ ನೇರವಾಗಿ ಬರೆದದ್ದಕ್ಕೆ ಧನ್ಯವಾದ. ಆ ಭಾಗವನ್ನು ಮತ್ತೆ ಓದುತ್ತಿದ್ದೇನೆ. ನಿಮಗೆ ಬಿಡುವಿದ್ದು, ಇನ್ನೂ ನೆನಪಿದ್ದರೆ ಒಂದು ಪ್ರಶ್ನೆ: ವೇಗ ಕುಂದಿದ್ದು ಬಿದರಿ ಕಾರ್ಖಾನೆಯ ಅಧ್ಯಾಯಗಳಲ್ಲೋ, ಅಥವಾ ಹಿರಿಯ ಮಗಳು ಹೈದರಾಬಾದಿಗೆ ಹೋದ ನಂತರವೋ? ಉತ್ತರಿಸಲು ಆಗದಿದ್ದರೂ ಖಂಡಿತ ಅರ್ಥಮಾಡಿಕೊಳ್ಳುತ್ತೇನೆ. ಮುಂದಿನ ಕಾದಂಬರಿ ಸಿದ್ಧವಾದಾಗ ನೀವು ಹೇಳಿದಂತೆ ನಿಮಗೆ ಬರೆಯುತ್ತೇನೆ.’

ಕೆಳಗೆ ನಿನ್ನ ಹೆಸರು, ಕಾದಂಬರಿಯ ಹೆಸರು. ಇಂಗ್ಲಿಷಿನಲ್ಲಿ ಇದು ನೂರು ಶಬ್ದದ ಒಳಗೆ ಮುಗಿಯಬೇಕು. ‘ಉತ್ತರಿಸಲು ಆಗದಿದ್ದರೂ’ ಎಂಬ ಸಾಲನ್ನು ಬಿಡಬೇಡ, ಅವರು ಸುಮ್ಮನಿದ್ದರೆ ತಪ್ಪಿಲ್ಲ ಎಂಬ ಬಿಡುಗಡೆ ಅದರಲ್ಲಿದೆ.

ಕಳಿಸುವಾಗ ಅವರ ಮೇಲಿಗೇ ರಿಪ್ಲೈ ಮಾಡು. ಹೊಸ ಮೇಲ್ ಬರೆಯಬೇಡ, ವಿಷಯದ ಸಾಲು Re: ಸಮೇತ ಇದ್ದಂತೆಯೇ ಇರಲಿ. ಜಿಮೇಲಿನಲ್ಲಿ ವಿಷಯದ ಸಾಲು ಬದಲಿಸಿದರೆ ಅದು ಬೇರೆಯೇ ಸಂಭಾಷಣೆಯಾಗಿ ನಿಲ್ಲುತ್ತದೆ, ಆಗ ನಿನ್ನ ಹಳೆಯ ಕ್ವೆರಿ, ಹಸ್ತಪ್ರತಿ ಯಾವುದೂ ಅವರ ಕಣ್ಣ ಮುಂದೆ ಇರುವುದಿಲ್ಲ. ಅವರ ಮೇಲಿನಲ್ಲಿ ಸಹಾಯಕರೊಬ್ಬರಿಗೂ ಪ್ರತಿ ಹೋಗಿದೆ ನೋಡು, ಅವರನ್ನೂ ಸೇರಿಸಿಕೋ. ಎಷ್ಟೋ ಕಡೆ ಹಸ್ತಪ್ರತಿಯನ್ನು ಮೊದಲು ಓದಿ ಟಿಪ್ಪಣಿ ಬರೆಯುವವರು ಆ ಸಹಾಯಕರೇ, ನಿನ್ನ ಪ್ರಶ್ನೆಗೆ ಉತ್ತರ ಆ ಟಿಪ್ಪಣಿಯಲ್ಲೇ ಇರಬಹುದು. ಯಾವ ಫೈಲೂ ಲಗತ್ತಿಸಬೇಡ. ನಿರಾಕರಣೆ ನಿನ್ನೆ ರಾತ್ರಿ ಬಂದಿದೆ, ನಾಳೆಯೋ ನಾಡಿದ್ದೋ ಕಳಿಸು. ಇವತ್ತೇ ಕಳಿಸಿದರೆ ಬೇಸರ ವಾಕ್ಯಗಳೊಳಗೆ ಇಣುಕುತ್ತದೆ, ತಿಂಗಳು ಬಿಟ್ಟರೆ ಅವರಿಗೆ ಕಥೆಯೇ ಮಸುಕಾಗಿರುತ್ತದೆ.

ಜವಾಬು ಬಾರದಿದ್ದರೆ ನೆನಪಿನ ಮೇಲ್ ಬೇಡ, ಫೋನೂ ಬೇಡ. ಬಂದರೆ ಹೆಚ್ಚಾಗಿ ಒಂದೇ ಸಾಲು ಬರುತ್ತದೆ: ‘ಕಾರ್ಖಾನೆಯ ಭಾಗದಲ್ಲಿ ಅನಿಸುತ್ತದೆ.’ ಅದಕ್ಕೆ ‘ಧನ್ಯವಾದ, ತುಂಬ ಉಪಯೋಗವಾಯಿತು’ ಎಂದು ಮುಗಿಸು, ಎರಡನೇ ಪ್ರಶ್ನೆ ಹಾಕಬೇಡ. ‘ಎರಡೂ ಅಲ್ಲ, ಯಾಕೋ ನನಗೆ ಹತ್ತಿರವಾಗಲಿಲ್ಲ’ ಎಂದರೆ ಅದು ರುಚಿಯ ಮಾತು, ಅದನ್ನು ಹಿಡಿದು ಅಧ್ಯಾಯ ಕತ್ತರಿಸಲು ಹೋಗಬೇಡ. ಇನ್ನು ಮುಂದೆ ಬೇರೆ ಯಾರಾದರೂ ‘ಇಷ್ಟು ಹಣ ಕೊಟ್ಟರೆ ವಿವರವಾದ ವರದಿ ಕೊಡುತ್ತೇವೆ’ ಎಂದರೆ ದೂರ ಇರು. ಕಮಿಷನ್ ಮೇಲೆ ಬದುಕುವ ಏಜೆಂಟ್ ಓದಿದ್ದಕ್ಕೆ ಲೇಖಕರಿಂದ ಹಣ ಕೇಳುವುದಿಲ್ಲ.

ಇನ್ನೊಂದು ಮಾತು, ಇದು ಅವಸರದ್ದು. ಸೋಮವಾರ ಇನ್ನೂ ಆರು ಏಜೆಂಟರಿಗೆ ಕಳಿಸುತ್ತೇನೆ ಎಂದಿದ್ದೀಯ. ಎರಡು ವಾರ ತಡೆ. ಒಂದು ಕೃತಿಯನ್ನು ಒಬ್ಬ ಏಜೆಂಟ್ ಸಾಮಾನ್ಯವಾಗಿ ಒಂದೇ ಸಲ ನೋಡುತ್ತಾರೆ. ನಡುಭಾಗ ಹೀಗೇ ಇಟ್ಟು ಕಳಿಸಿದರೆ ಆ ಆರೂ ಅವಕಾಶ ಒಟ್ಟಿಗೆ ಖರ್ಚಾಗುತ್ತವೆ. ಜವಾಬು ಬರಲಿ ಬಿಡಲಿ, ಅಷ್ಟರಲ್ಲಿ 11ರಿಂದ 14ನೇ ಅಧ್ಯಾಯ ನನಗೆ ಕಳಿಸು, ಸಾಲದ ಎಳೆ ಎಲ್ಲಿ ಕಡಿದಿದೆ ಅಂತ ಪೆನ್ಸಿಲ್ ಹಿಡಿದು ಗುರುತು ಹಾಕಿ ಕೊಡುತ್ತೇನೆ.

ನಿನ್ನ ದೋಸ್ತ