ವೈಫೈ ಸಂಪರ್ಕವಿದ್ದೂ ಯಾವ ಪುಟವೂ ತೆರೆಯದಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಬ್ರಾಡ್‌ಬ್ಯಾಂಡ್ ಸೇವೆ

ವಿಷಯ: ‘ಗ್ರಾಹಕರ ಮೊಬೈಲಿನಲ್ಲಿ ದೋಷ’ ಎಂದು ಷರಾ ಬರೆದು ಮುಚ್ಚಿದ ದೂರನ್ನು ಮತ್ತೆ ತೆರೆದು, ನಿಮ್ಮ ಡಿಎನ್‌ಎಸ್ ಸರ್ವರ್‌ಗಳನ್ನು ಪರೀಕ್ಷಿಸುವಂತೆ ಕೋರಿ.

ಮಾನ್ಯರೇ,

ನಮ್ಮ ಮನೆಯಲ್ಲಿ ಸಂಜೆಯಾದರೆ ವೈಫೈ ಇರುತ್ತದೆ, ಇಂಟರ್‌ನೆಟ್ ಇರುವುದಿಲ್ಲ. ಮೊಬೈಲಿನಲ್ಲಿ ‘ಸಂಪರ್ಕಗೊಂಡಿದೆ’ ಎಂದೇ ಕಾಣುತ್ತದೆ, ಸಿಗ್ನಲ್ ಗೆರೆಗಳೂ ಪೂರ್ತಿ ಇರುತ್ತವೆ. ಆದರೆ ಬ್ರೌಸರ್‌ನಲ್ಲಿ ಯಾವ ಪುಟ ಕೇಳಿದರೂ ಚಕ್ರ ತಿರುಗುತ್ತಲೇ ಇರುತ್ತದೆ. ಮೊದಲೇ ತೆರೆದಿದ್ದ ಆ್ಯಪ್‌ನಲ್ಲಿ ಮಾತ್ರ ಕೆಲವೊಮ್ಮೆ ಸಂದೇಶಗಳು ಬರುತ್ತಿರುತ್ತವೆ. ಒಂದಷ್ಟು ಹೊತ್ತಿನ ಬಳಿಕ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ. ಈ ದೂರನ್ನು ನೀವು ಎರಡು ಬಾರಿ ಮುಚ್ಚಿದ್ದೀರಿ. ಎರಡು ಬಾರಿಯೂ ಕಾರಣವನ್ನು ಹುಡುಕಿದ್ದು ನನ್ನ ಮೊಬೈಲಿನಲ್ಲಿ.

ನಿಮ್ಮ ಸಹಾಯವಾಣಿಯವರ ಮೊದಲ ಸಲಹೆ, ನೆಟ್‌ವರ್ಕನ್ನು ‘ಮರೆತುಬಿಡಿ’ ಎಂದು ಒತ್ತಿ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಕೊಳ್ಳಿ ಎಂಬುದು. ಹಾಗೆಯೇ ಮಾಡಿದೆ. ಮೊಬೈಲಿನಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ, ಐಪಿ ವಿಳಾಸ ತಪ್ಪಾಗಿ ನಮೂದಾಗಿದ್ದರೆ ಅದು ಒಳ್ಳೆಯ ಉಪಾಯವೇ. ಆದರೆ ನನ್ನ ಮೊಬೈಲಿಗೆ ರೂಟರ್ 192.168.1 ಸಾಲಿನ ವಿಳಾಸವನ್ನು ಸರಿಯಾಗಿಯೇ ಕೊಟ್ಟಿತ್ತು. ವಿಳಾಸ ಸಿಗದೇ ಹೋಗಿದ್ದರೆ ಲ್ಯಾಪ್‌ಟಾಪ್‌ನಲ್ಲಿ 169.254 ಎಂದು ಆರಂಭವಾಗುವ ಅಂಕಿ ಕಾಣಬೇಕಿತ್ತು, ಅದೂ ಇರಲಿಲ್ಲ. ಮರೆತು ಮತ್ತೆ ಸೇರಿದ ಮೇಲೂ ಅದೇ ರೂಟರ್ ಅದೇ ಡಿಎನ್‌ಎಸ್ ವಿಳಾಸವನ್ನೇ ಕೊಡುತ್ತದೆ. ಹಾಗಾಗಿ ತೊಂದರೆಯೂ ಅಲ್ಲೇ ಉಳಿಯಿತು. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿದಾಗಲೂ ಇದೇ ಸ್ಥಿತಿ. ಅಲ್ಲಿಗೆ ವೈಫೈಯದ್ದೂ ತಪ್ಪಲ್ಲ, ಮೊಬೈಲಿನದ್ದೂ ತಪ್ಪಲ್ಲ ಎಂದಾಯಿತು.

ಎರಡನೆಯ ಬಾರಿ ಮನೆಗೆ ಬಂದ ನಿಮ್ಮ ತಂತ್ರಜ್ಞರು ಮೊಬೈಲಿನ ಸೆಟ್ಟಿಂಗ್‌ಗಳಲ್ಲಿ ‘ಖಾಸಗಿ ಡಿಎನ್‌ಎಸ್’ ಎಂಬಲ್ಲಿ dns.google ಎಂದು ಇದ್ದುದನ್ನು ನೋಡಿದರು. ತೊಂದರೆಯ ಹೊತ್ತಿನಲ್ಲಿ ನಾನು ತೆಗೆದಿಟ್ಟ ಚಿತ್ರದಲ್ಲಿ ‘ಖಾಸಗಿ ಡಿಎನ್‌ಎಸ್ ಸರ್ವರ್ ಅನ್ನು ಪ್ರವೇಶಿಸಲು ಸಾಧ್ಯವಿಲ್ಲ’ ಎಂಬ ಸೂಚನೆಯೂ ಇತ್ತು. ‘ಇದೇ ನೋಡಿ ಕಾರಣ’ ಎಂದು ಅದನ್ನು ಆಫ್ ಮಾಡಿದರು, ಪುಟ ತೆರೆಯಿತು, ಸಹಿ ಹಾಕಿಸಿಕೊಂಡು ಹೊರಟರು. ಅವರು ಬಂದದ್ದು ಮಧ್ಯಾಹ್ನ. ಮಧ್ಯಾಹ್ನ ಆ ಸೆಟ್ಟಿಂಗ್ ಹೇಗಿದ್ದರೂ ಪುಟ ತೆರೆಯುತ್ತದೆ. ಅದೇ ಸಂಜೆ, ಖಾಸಗಿ ಡಿಎನ್‌ಎಸ್ ಆಫ್ ಇದ್ದಾಗಲೇ, ಮತ್ತೆ ಎಲ್ಲವೂ ನಿಂತುಹೋಯಿತು.

ಆ ಸೂಚನೆ ಬಂದದ್ದಕ್ಕೆ ಕಾರಣ ಬೇರೆಯೇ ಇದೆ. ಖಾಸಗಿ ಡಿಎನ್‌ಎಸ್‌ಗೆ ಸರ್ವರ್‌ನ ಹೆಸರನ್ನು ಕೊಟ್ಟಾಗ ಮೊಬೈಲು ಆ ಸರ್ವರನ್ನು 853ನೆಯ ಪೋರ್ಟ್‌ನಲ್ಲಿ ಗೂಢಲಿಪಿಯ ಮೂಲಕ ಸಂಪರ್ಕಿಸುತ್ತದೆ. ಆದರೆ dns.google ಎಂಬುದೂ ಒಂದು ಹೆಸರೇ ತಾನೆ? ಅದರ ಐಪಿ ವಿಳಾಸವನ್ನು ತಿಳಿಯಲು ಮೊಬೈಲು ಮೊದಲು ನೆಟ್‌ವರ್ಕಿನ ಮಾಮೂಲಿ ಡಿಎನ್‌ಎಸ್ ಅನ್ನೇ ಕೇಳಬೇಕು, ಅಂದರೆ ನಿಮ್ಮದನ್ನು. ನಿಮ್ಮದು ಉತ್ತರಿಸದಿದ್ದರೆ ಖಾಸಗಿ ಸರ್ವರ್‌ನ ದಾರಿಯೇ ಸಿಗುವುದಿಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ‘ಸ್ವಯಂಚಾಲಿತ’ ಎಂದು ಇಟ್ಟರೂ ಫಲವಿಲ್ಲ, ಏಕೆಂದರೆ ಆಗ ಮೊಬೈಲು ನೆಟ್‌ವರ್ಕ್ ಕೊಟ್ಟ ಸರ್ವರನ್ನೇ ಬಳಸುತ್ತದೆ. ಯಾವುದಾದರೂ ನೆಟ್‌ವರ್ಕ್ 853ನೆಯ ಪೋರ್ಟನ್ನು ತಡೆದಿದ್ದರೆ ಖಾಸಗಿ ಡಿಎನ್‌ಎಸ್ ನಿಜಕ್ಕೂ ಅಪರಾಧಿಯಾಗಬಹುದು, ಒಪ್ಪುತ್ತೇನೆ. ಆಗ ಅದನ್ನು ಆಫ್ ಮಾಡಿದ ಮೇಲೆ ಸಂಜೆಯೂ ಪುಟ ತೆರೆಯಬೇಕಿತ್ತು.

ರೂಟರ್‌ನ ಕಡೆಯನ್ನೂ ನೋಡಿದ್ದೇನೆ. ತೊಂದರೆಯ ಹೊತ್ತಿನಲ್ಲಿ ಅದರ ಸ್ಥಿತಿ ಪುಟವನ್ನು ತೆರೆದರೆ ಹೊರಗಿನ ಸಂಪರ್ಕ ಚಾಲ್ತಿಯಲ್ಲಿರುತ್ತದೆ, ಐಪಿ ವಿಳಾಸವೂ ಇರುತ್ತದೆ, ಫೈಬರ್ ಕಡಿತದ ಕೆಂಪು ದೀಪ ಉರಿಯುವುದಿಲ್ಲ. ಆರಿಸಿ ಹಚ್ಚಿದರೂ ನಿಮ್ಮ ಅದೇ ಎರಡು ಡಿಎನ್‌ಎಸ್ ವಿಳಾಸಗಳು ಮತ್ತೆ ಬಂದು ಕೂರುತ್ತವೆ. ರೂಟರನ್ನು ಕಾರ್ಖಾನೆ ಸ್ಥಿತಿಗೆ ಮರಳಿಸಿ ಎಂಬ ಸಲಹೆಯನ್ನು ಮಾತ್ರ ನಾನು ಪಾಲಿಸಲಿಲ್ಲ. ನೀವು ತುಂಬಿಸಿಟ್ಟ ಲಾಗಿನ್ ಅದರಲ್ಲಿ ಅಳಿಸಿಹೋದರೆ ಸಂಜೆಯ ತೊಂದರೆ ಇಡೀ ದಿನದ ತೊಂದರೆಯಾಗುತ್ತದೆ.

ಬದಲಿಗೆ, ಪುಟ ತೆರೆಯದಿರುವಾಗಲೇ ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಈ ಮೂರು ಸಾಲುಗಳನ್ನು ಓಡಿಸಿದೆ:

```
ping 1.1.1.1
nslookup example.com 192.168.1.1
nslookup example.com 1.1.1.1
```

ಮೊದಲನೆಯದಕ್ಕೆ ಒಂದೂ ತಪ್ಪದಂತೆ ಉತ್ತರ ಬಂತು. ಅಂದರೆ ನಿಮ್ಮ ತಂತಿ ಮತ್ತು ಹೊರದಾರಿ ಎರಡೂ ಸರಿ ಇವೆ. ಎರಡನೆಯದರಲ್ಲಿ ಹೆಸರನ್ನು ಕೇಳಿದ್ದು ರೂಟರ್‌ನ ಬಳಿ, ಅದು ಆ ಪ್ರಶ್ನೆಯನ್ನು ನಿಮ್ಮ ಸರ್ವರ್‌ಗೆ ದಾಟಿಸುತ್ತದೆ. ಸಿಕ್ಕಿದ್ದು ಇಷ್ಟು:

```
DNS request timed out.
```

ಮೂರನೆಯದರಲ್ಲಿ ಅದೇ ಹೆಸರನ್ನು ಹೊರಗಿನ ಸರ್ವರ್‌ಗೆ ನೇರವಾಗಿ ಕೇಳಿದಾಗ ಉತ್ತರ ತಡವಿಲ್ಲದೆ ಬಂತು. ಇನ್ನು ಉಳಿದ ಅನುಮಾನ ಒಂದೇ: ಪ್ರಶ್ನೆಯನ್ನು ದಾಟಿಸುವ ರೂಟರೇ ಕೆಟ್ಟಿರಬಹುದಲ್ಲ? ಹಾಗಾಗಿ ಸ್ಥಿತಿ ಪುಟದಲ್ಲಿದ್ದ ನಿಮ್ಮ ಎರಡೂ ವಿಳಾಸಗಳನ್ನು ರೂಟರ್‌ನ ಮಧ್ಯಸ್ಥಿಕೆ ಇಲ್ಲದೆ ಲ್ಯಾಪ್‌ಟಾಪ್‌ನಿಂದಲೇ ಕೇಳಿದೆ. ಮೊದಲನೆಯದು ಮೌನ. ಎರಡನೆಯದು ಉತ್ತರಿಸಿತು, ಆದರೆ ಆ ಉತ್ತರ ‘Server failed’ ಎಂಬುದಾಗಿತ್ತು. ಅಂದರೆ ಎರಡನೆಯ ಸರ್ವರ್ ತಲುಪುವಂತಿದೆ, ಹೆಸರನ್ನು ಬಿಡಿಸಿ ಹೇಳಲು ಮಾತ್ರ ಅದಕ್ಕೆ ಆಗುತ್ತಿಲ್ಲ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ತಾನೆ ಎರಡು ಸರ್ವರ್‌ಗಳನ್ನು ಇಡುವುದು? ಎರಡೂ ಒಂದೇ ಹೊತ್ತಿಗೆ ಕೈಕೊಡುತ್ತಿವೆ ಎಂದರೆ ಅವು ಎಲ್ಲೋ ಒಂದೇ ಆಸರೆಯನ್ನು ನೆಚ್ಚಿಕೊಂಡಿರಬಹುದು. ಅದನ್ನು ಪತ್ತೆಹಚ್ಚಬೇಕಾದವರು ನಿಮ್ಮ ನೆಟ್‌ವರ್ಕ್ ವಿಭಾಗದವರು, ಮನೆಗೆ ಬರುವ ತಂತ್ರಜ್ಞರಲ್ಲ.

ಸದ್ಯಕ್ಕೆ ಮೊಬೈಲಿನ ಐಪಿ ಸೆಟ್ಟಿಂಗನ್ನು ‘ಸ್ಥಿರ’ ಎಂದು ಬದಲಿಸಿ, ಡಿಎನ್‌ಎಸ್ 1 ಎಂಬಲ್ಲಿ 1.1.1.1 ತುಂಬಿಸಿದ್ದೇನೆ. ಇಲ್ಲಿ ಕೊಡುವುದು ಹೆಸರಲ್ಲ, ನೇರವಾಗಿ ಅಂಕಿ. ಹಾಗಾಗಿ ನಿಮ್ಮ ಸರ್ವರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ, ಸಂಜೆಯೂ ಪುಟಗಳು ತೆರೆಯುತ್ತವೆ. ಆದರೆ ಇದನ್ನು ಮನೆಯ ಪ್ರತಿ ಸಾಧನದಲ್ಲೂ ಮಾಡುತ್ತ ಕೂರಲಾಗದು. ಕೈಯಾರೆ ಕೊಟ್ಟ ಐಪಿ ವಿಳಾಸವನ್ನೇ ರೂಟರ್ ಇನ್ನೊಂದು ಸಾಧನಕ್ಕೆ ಹಂಚಿದರೆ ಎರಡರ ಸಂಪರ್ಕವೂ ಕೆಡುತ್ತದೆ. ರೂಟರ್‌ನಲ್ಲೇ ಒಮ್ಮೆ ಡಿಎನ್‌ಎಸ್ ಬದಲಿಸಿದರೆ ಮುಗಿಯುವ ಕೆಲಸ ಇದು, ಆದರೆ ಆ ಖಾನೆಗೆ ನೀವು ಬೀಗ ಹಾಕಿಟ್ಟಿದ್ದೀರಿ.

ಆದ್ದರಿಂದ ನನ್ನ ದೂರನ್ನು ಮತ್ತೆ ತೆರೆದು, ‘ಗ್ರಾಹಕರ ಮೊಬೈಲಿನಲ್ಲಿ ದೋಷ’ ಎಂಬ ಷರಾವನ್ನು ತೆಗೆದುಹಾಕಿ, ಅದನ್ನು ನೆಟ್‌ವರ್ಕ್ ವಿಭಾಗಕ್ಕೆ ಒಪ್ಪಿಸಬೇಕು. ಎರಡೂ ಸರ್ವರ್‌ಗಳ ಸಂಜೆಯ ಹೊತ್ತಿನ ದಾಖಲೆಗಳನ್ನು ಪರಿಶೀಲಿಸಿ, ಕಂಡ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಅದು ಸರಿಹೋಗುವವರೆಗೆ ನನ್ನ ರೂಟರ್‌ನ ಡಿಎನ್‌ಎಸ್ ಖಾನೆಯ ಬೀಗ ತೆಗೆಯಿರಿ. ನಿಮ್ಮ ಕಚೇರಿಯಿಂದಲೇ ಆಗುವ ಕೆಲಸವಾದರೆ ಇಂದೇ ಮಾಡಬಹುದು. ಮತ್ತೆ ತಂತ್ರಜ್ಞರನ್ನು ಕಳುಹಿಸುವುದಾದರೆ ದಯವಿಟ್ಟು ಸಂಜೆಯ ಹೊತ್ತಿಗೇ ಕಳುಹಿಸಿ, ಆ ಮೂರು ಸಾಲುಗಳನ್ನು ಅವರ ಲ್ಯಾಪ್‌ಟಾಪ್‌ನಲ್ಲೇ ಓಡಿಸಲಿ. ಮೇಲಿನ ಪರೀಕ್ಷೆಗಳ ಸಮಯಸಹಿತ ತೆರೆಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ತೆರೆಚಿತ್ರಗಳು, ರೂಟರ್‌ನ ಸ್ಥಿತಿ ಪುಟದ ಪ್ರತಿ, ಹಿಂದಿನ ಎರಡು ದೂರುಗಳ ಸ್ವೀಕೃತಿ