ಪೌರಾಯುಕ್ತರೇ, ಕುರ್ಚಿ ಆಮೇಲೆ ತರೋಣ

ಗದಗ-ಬೆಟಗೇರಿ ನಗರಸಭೆಯ ಪೌರಾಯುಕ್ತರಿಗೆ ನಮಸ್ಕಾರ.

ಸರ್, ನಾನು ಬೆಟಗೇರಿಯವನು. ಎಂಟು ವರ್ಷ ಬೆಂಗಳೂರಿನಲ್ಲಿದ್ದೆ. ಈಗ ಎರಡು ವರ್ಷದಿಂದ ಅದೇ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದೇನೆ. ನಮ್ಮ ಗೋಡೆಗೆ ಹತ್ತಿಕೊಂಡೇ ಕಾಕಾನ ಪವರ್‌ಲೂಮ್ ಇದೆ. ಕರೆಂಟ್ ಇದ್ದರೆ ಮಗ್ಗದ ಖಟಖಟ ಸದ್ದು. ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ "ಹಿಂದೆ ಟ್ರೈನ್ ಹೋಗ್ತಿದೆಯಾ?" ಅಂತ ಕೇಳಿದ್ದೂ ಆಯ್ತು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ, ಮನೆ ಸದ್ದಿಲ್ಲದಂತಾಗುತ್ತದೆ, ಆದರೆ ಇಂಟರ್ನೆಟ್ಟೂ ಹೋಗುತ್ತದೆ. "ಯಾಕ ತಮ್ಮಾ, ಕೆಲಸ ಮುಗೀತೇನು?" ಅಂತ ಅವ್ವ ಕೇಳುತ್ತಾಳೆ.

ನನ್ನಂಥವರು ಊರಲ್ಲಿ ಈಗ ಸುಮಾರು ಜನ ಇದ್ದಾರೆ. ನಾವೆಲ್ಲ ಹಂಚಿಕೊಂಡು ಕೂರಲು ನಗರಸಭೆಯ ಯಾವುದಾದರೂ ಕಟ್ಟಡದ ಖಾಲಿ ಮಹಡಿ ಕೊಡಿ ಅಂತ ಕೇಳಲು ಈ ಪತ್ರ. ಆದರೆ ಜಾಗಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಇಂಥ ಕೇಂದ್ರ ಅಂದ ಕೂಡಲೇ ಬಣ್ಣದ ಗೋಡೆ, ತಿರುಗೋ ಕುರ್ಚಿ, ಕಾಫಿ ಮಷಿನ್ ನೆನಪಾಗುತ್ತವೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ ಸರ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೂ ಕೆಲಸ ಮಾಡಬಹುದು. ಕಾಲ್ ಮಧ್ಯದಲ್ಲೇ ಕಟ್ ಆದರೆ ಆಗಲ್ಲ.

ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದಾಗ ಇಂಟರ್ನೆಟ್ ಯಾಕೆ ಹೋಗುತ್ತದೆ? ಇದು ಅರ್ಥವಾಗಲು ನನಗೇ ಆರು ತಿಂಗಳು ಹಿಡಿಯಿತು. ಫೈಬರ್ ಕೇಬಲ್ಲಿಗೆ ಕರೆಂಟ್ ಬೇಡ, ಅದರಲ್ಲಿ ಹೋಗುವುದು ಬೆಳಕು. ಆದರೆ ಆ ಬೆಳಕನ್ನು ಕಳಿಸುವ ಡಬ್ಬಿ ನಾಲ್ಕು ಓಣಿ ಆಚೆ ಯಾರದೋ ಅಂಗಡಿಯ ಮಹಡಿಯ ಮೇಲೆ ಇರುತ್ತದೆ. ಅದೂ ನಮ್ಮದೇ ಲೈನಿನ ಕರೆಂಟಿನಲ್ಲಿ ನಡೆಯುತ್ತದೆ, ಅದರ ಬ್ಯಾಟರಿ ಹಳೆಯದಾಗಿದ್ದರೆ ಅರ್ಧ ಗಂಟೆಯೂ ಬಾಳಲ್ಲ. ಆಗ ನಮ್ಮ ಮನೆಯ ಮೋಡೆಮ್‌ನಲ್ಲಿ LOS ಅನ್ನುವ ಕೆಂಪು ದೀಪ ಮಿಟುಕುತ್ತದೆ. ಬೆಳಕು ಬರ್ತಾ ಇಲ್ಲ ಅಂತ ಅದರ ಅರ್ಥ. ಒಂದೋ ಕೇಬಲ್ ಕಡಿದಿದೆ, ಇಲ್ಲವೇ ಆ ಡಬ್ಬಿ ಮಲಗಿದೆ. ಕೆಂಪು ದೀಪ ಇಲ್ಲ, ಆ ಡಬ್ಬಿಯ ಜೊತೆ ಸಂಪರ್ಕ ಇದೆ ಅಂತ ಹೇಳುವ PON ದೀಪ ಸ್ಥಿರವಾಗಿ ಉರಿಯುತ್ತಿದೆ, ಆದರೂ ನೆಟ್ ಇಲ್ಲ ಅಂದರೆ ತೊಂದರೆ ಇನ್ನೂ ಆಚೆ ಎಲ್ಲೋ ಇದೆ. ಕೇಂದ್ರ ನೋಡಿಕೊಳ್ಳುವವರಿಗೆ ಇಷ್ಟು ಗೊತ್ತಿದ್ದರೆ ಸಾಕು, ಸುಮ್ನೆ ಹತ್ತು ಸಲ ಆಫ್ ಆನ್ ಮಾಡುವುದು ತಪ್ಪುತ್ತದೆ.

ಹಾಗಾದರೆ ಎರಡು ಕಂಪನಿಯ ಕನೆಕ್ಷನ್ ತಗೊಂಡರೆ ಆಯ್ತಲ್ಲ ಅನ್ನಬಹುದು. ನಾನೂ ತಗೊಂಡೆ. ರಸ್ತೆ ಅಗೆಯುವಾಗ ಜೆಸಿಬಿ ಒಂದೇ ಕಂಬವನ್ನು ಬೀಳಿಸಿತು, ಎರಡೂ ಹೋದವು. ಬಿಲ್ ಬೇರೆ ಬೇರೆ, ತಂತಿ ಮಾತ್ರ ಒಂದೇ ಕಂಬದಲ್ಲಿ! ಅದಕ್ಕೇ ಟೆಂಡರಿನಲ್ಲಿ "ಎರಡು ಕನೆಕ್ಷನ್" ಅಂತಷ್ಟೇ ಬರೆಸಬೇಡಿ. ಒಂದು ಲೈನ್ ಒಂದು ರಸ್ತೆಯಿಂದ, ಸಾಧ್ಯವಾದರೆ ನೆಲದಡಿಯಲ್ಲಿ, ಎಕ್ಸ್‌ಚೇಂಜಿನಿಂದ ನೇರವಾಗಿ ಬರಲಿ. ಇನ್ನೊಂದು ಲೈನ್ ನಮ್ಮ ಕಟ್ಟಡದ ಬೇರೆ ಮಗ್ಗುಲಿನಿಂದ ಬರಲಿ. ಯಾವ ಕಂಬ, ಯಾವ ಓಣಿ ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದು ಕೊಡಲಿ. ರಸ್ತೆ ಅಗೆಯುವ ಅನುಮತಿ ನಿಮ್ಮ ಟೇಬಲ್ಲಿಗೇ ಬರುತ್ತದಲ್ವಾ, ಆ ಹಾಳೆ ಅಲ್ಲೇ ಇದ್ದರೆ ಒಳ್ಳೆಯದು.

ಎರಡೂ ಲೈನ್ ಸಿಕ್ಕಿಸುವ ರೂಟರ್ ಸಿಗುತ್ತದೆ, ಒಂದು ಸತ್ತರೆ ಇನ್ನೊಂದಕ್ಕೆ ತಾನೇ ಬದಲಾಗುತ್ತದೆ. ಬದಲಾಗುವಾಗ ಕೆಲವು ಸೆಕೆಂಡ್ ಕಾಲ್ ತಡವರಿಸುತ್ತದೆ, ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಮತ್ತೆ ಜೋಡಿಸಬೇಕಾಗಬಹುದು, ಅಷ್ಟು ಸಹಿಸಬಹುದು. ಸ್ಪೀಡ್ ಕೇಳುವಾಗ ಅಪ್‌ಲೋಡ್ ಎಷ್ಟು ಅಂತ ಕೇಳಿ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಡೌನ್‌ಲೋಡ್. ಒಂದು ವಿಡಿಯೊ ಕಾಲಿಗೆ 3 ಎಂಬಿಪಿಎಸ್ ಹಿಡಿದರೂ ಇಪ್ಪತ್ತು ಜನ ಕೂರುವ ಕೇಂದ್ರಕ್ಕೆ 60 ಬೇಕು, ಅದೂ ಕಳಿಸುವ ದಿಕ್ಕಿನಲ್ಲಿ.

ಇನ್ನು ಕರೆಂಟ್. ಇಪ್ಪತ್ತು ಜನರ ಲ್ಯಾಪ್‌ಟಾಪ್‌ಗೆ ತಲಾ 60 ವ್ಯಾಟ್ ಅಂದರೆ 1200. ಹತ್ತು ಮಾನಿಟರ್, ಎಂಟು ಕಡಿಮೆ ಕರೆಂಟಿನ ಫ್ಯಾನ್, ಎಲ್‌ಇಡಿ ದೀಪ, ರೂಟರ್ ಎಲ್ಲ ಸೇರಿದರೆ 2000 ವ್ಯಾಟ್ ಹತ್ತಿರ ಬರುತ್ತದೆ. ಮೂರು ತಾಸು ನಡೆಯಬೇಕೆಂದರೆ ಆರು ಯೂನಿಟ್. 12 ವೋಲ್ಟಿನ, 150 ಆಂಪಿಯರ್-ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ, ಆದರೆ ಅದನ್ನು ಅರ್ಧಕ್ಕಿಂತ ಜಾಸ್ತಿ ಹಿಂಡಿದರೆ ಬೇಗ ಹಾಳಾಗುತ್ತದೆ. ಹಾಗಾಗಿ ಇನ್ವರ್ಟರಿನಲ್ಲಿ ಪೋಲಾಗುವುದನ್ನೂ ಸೇರಿಸಿ ಅಂಥ ಎಂಟು ಬ್ಯಾಟರಿ, ಒಂದು 5 ಕೆವಿಎ ಇನ್ವರ್ಟರ್. ಎಸಿ ಅದಕ್ಕೆ ಜೋಡಿಸಬಾರದು, ಜೋಡಿಸಿದರೆ ಮೂರು ತಾಸಿನ ಮಾತು ಮರೆತುಬಿಡಿ. ಇನ್ನೊಂದು ಸಣ್ಣ ಮಾತು. ಕರೆಂಟಿನಿಂದ ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲಿ ಲ್ಯಾಪ್‌ಟಾಪ್‌ಗೆ ಏನೂ ಆಗಲ್ಲ, ಅದಕ್ಕೆ ತನ್ನದೇ ಬ್ಯಾಟರಿ ಇದೆ. ರೂಟರ್ ಮಾತ್ರ ಕೆಲವೊಮ್ಮೆ ಆಫ್ ಆಗಿ ಆನ್ ಆಗುತ್ತದೆ, ಮತ್ತೆ ಏಳಲು ಎರಡು ನಿಮಿಷ ತಗೊಳ್ಳುತ್ತದೆ, ಅಷ್ಟರಲ್ಲಿ ಇಪ್ಪತ್ತು ಜನರ ಕಾಲ್ ಒಟ್ಟಿಗೆ ಬಿದ್ದಿರುತ್ತದೆ. ಅದಕ್ಕೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಬರುತ್ತದೆ, ಅಂಗೈಯಷ್ಟು ದೊಡ್ಡದು. ಅದನ್ನು ಮರೆಯಬಾರದು.

ಸದ್ದಿನ ವಿಷಯ. ಆರ್‌ಸಿಸಿ ಛತ್ತು, ಟೈಲ್ಸ್ ನೆಲ ಇರುವ ಖಾಲಿ ಹಾಲಿನಲ್ಲಿ ಒಬ್ಬರು ಮಾತಾಡಿದರೂ ಗಂಟೆ ಹೊಡೆದಂತೆ ಕೇಳುತ್ತದೆ. ಬೆಂಗಳೂರಿನಲ್ಲಿ ಗಾಜಿನ ಪೆಟ್ಟಿಗೆಯಂಥ ಬೂತ್ ಇಡುತ್ತಾರೆ. ಫ್ಯಾನ್ ಇಲ್ಲದ ಅಂಥ ಪೆಟ್ಟಿಗೆಯಲ್ಲಿ ನಮ್ಮೂರಿನ ಏಪ್ರಿಲ್‌ನಲ್ಲಿ ಹತ್ತು ನಿಮಿಷ ಕೂತು ತೋರಿಸಲಿ! ನಮಗೆ ಸಣ್ಣ ಕೋಣೆಗಳಿರುವ ಹಳೆಯ ಕಟ್ಟಡವೇ ವಾಸಿ. ಐದು ಜನಕ್ಕೆ ಒಂದರಂತೆ ನಾಲ್ಕು ಕೋಣೆ ಕಾಲ್‌ಗೆ ಬಿಡಿ. ಉಳಿದ ಗೋಡೆಗೆ ದಪ್ಪ ಕೌದಿ ತೂಗುಹಾಕಿ. ತಮಾಷೆಗೆ ಹೇಳುತ್ತಿಲ್ಲ ಸರ್, ನನ್ನ ಕೋಣೆಯಲ್ಲಿ ಅಜ್ಜಿ ಹೊಲಿದ ಎರಡು ಕೌದಿ ತೂಗಿಸಿದ ಮೇಲೆ ದನಿ ಗುಂಯ್‌ಗುಡುವುದು ನಿಂತಿತು. ಪಕ್ಕದ ಮಗ್ಗದ ಸದ್ದು ಮಾತ್ರ ನಿಲ್ಲಲಿಲ್ಲ. ಕೌದಿ ಒಳಗಿನ ಪ್ರತಿಧ್ವನಿ ಕುಡಿಯುತ್ತದೆ, ಹೊರಗಿನ ಸದ್ದು ತಡೆಯಲ್ಲ. ಆದ್ದರಿಂದ ಬಸ್‌ಸ್ಟ್ಯಾಂಡ್ ಮಗ್ಗುಲಿನ ಕಟ್ಟಡ ಬೇಡ.

ಕೇಂದ್ರ ಸಂಜೆ ಆರಕ್ಕೆ ಮುಚ್ಚಿದರೆ ಅರ್ಧ ಜನಕ್ಕೆ ಉಪಯೋಗವಿಲ್ಲ, ಯಾಕೆಂದರೆ ಅಮೆರಿಕದ ಕೆಲಸ ಆಗಲೇ ಶುರುವಾಗುವುದು. ರಾತ್ರಿ ಹನ್ನೊಂದರವರೆಗಾದರೂ ತೆರೆದಿರಲಿ, ವಾಚ್‌ಮನ್ ಇರಲಿ, ಹೆಣ್ಣುಮಕ್ಕಳ ಶೌಚಾಲಯ ಅದೇ ಮಹಡಿಯಲ್ಲಿ ಇರಲಿ, ಅದಕ್ಕೆ ಹೊರಗಿನಿಂದ ಬೀಗ ಜಡಿಯುವುದು ಬೇಡ.

ನಾವು ಪುಕ್ಕಟೆ ಕೇಳುತ್ತಿಲ್ಲ. ಇಬ್ಬರು ಸಿಬ್ಬಂದಿ, ಎರಡು ಲೈನ್, ಕರೆಂಟ್ ಸೇರಿ ತಿಂಗಳಿಗೆ 40,000 ರೂಪಾಯಿ ಆಗಬಹುದು ಅಂತ ನನ್ನ ಅಂದಾಜು. ಇಪ್ಪತ್ತು ಜನ ತಲಾ 2,000 ಕೊಟ್ಟರೆ ಸರಿಹೋಗುತ್ತದೆ. ಹನ್ನೆರಡೇ ಜನ ಬಂದರೆ 16,000 ಕಡಿಮೆ ಬೀಳುತ್ತದೆ. ಮೊದಲ ವರ್ಷ ಹಾಗೇ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಆ ವರ್ಷ ನಗರಸಭೆ ಬಾಡಿಗೆ ಕೇಳದೆ ಈ ಕೊರತೆ ತುಂಬಿಕೊಟ್ಟರೆ ಸಾಕು.

ಉದ್ಘಾಟನೆ ದಿನ ಎಲ್ಲರೂ ಕಾಲ್‌ನಲ್ಲಿ ಇರುವಾಗ ನೀವೇ ಮೇನ್ ಸ್ವಿಚ್ ಇಳಿಸಿ, ಆಮೇಲೆ ಒಂದು ಲೈನ್ ಕಿತ್ತು ನೋಡಿ, ರಿಬ್ಬನ್ ಆಮೇಲೆ ಕತ್ತರಿಸಿ. ಸದ್ಯಕ್ಕೆ ಎರಡು ಮೂರು ಖಾಲಿ ಕಟ್ಟಡ ತೋರಿಸಿದರೆ ಸಾಕು. ಟೇಪು, ನೋಟ್‌ಬುಕ್ ಹಿಡಿದು ನಾವು ನಾಲ್ಕು ಜನ ಯಾವ ಭಾನುವಾರವಾದರೂ ಬರುತ್ತೇವೆ.

ಇಂತಿ,
ಬೆಟಗೇರಿಯ ಒಬ್ಬ ನಿವಾಸಿ